‘ಹೋಗುತ್ತಿದ್ದೆ’ ಅನ್ನಲು ಇಂಗ್ಲಿಷಿನಲ್ಲಿ ಯಾವುದು? ಯೂಸ್ಡ್ ಟು, ವುಡ್, ಬಿ ಯೂಸ್ಡ್ ಟು ಬಿಡಿಸಿಕೊಳ್ಳುವ ಬಗೆ

ನನ್ನ ಸಂಜೆ ಕ್ಲಾಸಿಗೆ ಬರುವ ಒಬ್ಬ ಹುಡುಗಿ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದಳು. ಅಕೌಂಟ್ಸ್ ಕೆಲಸ. ಈಗಿರುವ ಆಫೀಸಿನಲ್ಲಿ ದಿನಾ ಏನು ಮಾಡುತ್ತೀರಿ ಅಂತ ಕೇಳಿದ್ದಾರೆ. ಇವಳು “ಐ ಯೂಸ್ಡ್ ಟು ಡೂ ಬಿಲ್ಲಿಂಗ್ ಇನ್ ಟ್ಯಾಲಿ” ಅಂದಿದ್ದಾಳೆ. ಎದುರಿಗಿದ್ದವರು ತಕ್ಷಣ “ವೈ ಡಿಡ್ ಯು ಸ್ಟಾಪ್?” ಅಂದರಂತೆ. ಯಾಕೆ ನಿಲ್ಲಿಸಿದಿರಿ ಅಂತ. ಇವಳಿಗೆ ಏನು ಹೇಳಬೇಕೋ ತಿಳಿಯದೆ ಸುಮ್ಮನೆ ಕೂತಳು.

ಮರುದಿನ ಕ್ಲಾಸಿಗೆ ಬಂದವಳೇ ಕೇಳಿದಳು: “ಮೇಡಂ, ನಾನು ನಿಲ್ಲಿಸೇ ಇಲ್ಲ. ನಿನ್ನೆನೂ ಅದೇ ಕೆಲಸ ಮಾಡಿದ್ದೀನಿ. ಅವರು ಯಾಕೆ ಹಾಗೆ ಕೇಳಿದ್ರು?”

“ನೀನು ಹೇಳಿದ್ದು ‘ಮೊದಲು ಮಾಡುತ್ತಿದ್ದೆ, ಈಗ ಇಲ್ಲ’ ಅಂತ ಆಯಿತಮ್ಮ” ಅಂದೆ.

“ಅಲ್ಲ ಮೇಡಂ, ಯೂಸ್ಡ್ ಟು ಅಂದ್ರೆ ಅಭ್ಯಾಸ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ರಲ್ಲ!”

ಈ ಒಂದು ಮಾತಿನಲ್ಲೇ ಇಡೀ ಗೊಂದಲದ ಬೇರು ಇದೆ. ನಮ್ಮ ‘ಅಭ್ಯಾಸ’ ತುಂಬಾ ದೊಡ್ಡ ಚೀಲ. “ದಿನಾ ವಾಕಿಂಗ್ ಹೋಗೋ ಅಭ್ಯಾಸ ಇದೆ” ಅನ್ನುತ್ತೇವೆ. “ಆಗ ವಾಕಿಂಗ್ ಹೋಗೋ ಅಭ್ಯಾಸ ಇತ್ತು” ಅನ್ನುತ್ತೇವೆ. “ಈ ಸದ್ದು ನಮಗೆ ಅಭ್ಯಾಸ ಆಗಿಬಿಟ್ಟಿದೆ” ಅಂತಲೂ ಅನ್ನುತ್ತೇವೆ. ಮೂರಕ್ಕೂ ಒಂದೇ ಪದ. ಇಂಗ್ಲಿಷಿನಲ್ಲಿ ಈ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಯೂಸ್ಡ್ ಟು ಬೇಡವೇ ಬೇಡ. ಎರಡನೆಯದಕ್ಕೆ ಯೂಸ್ಡ್ ಟು. ಮೂರನೆಯದಕ್ಕೆ ಬಿ ಯೂಸ್ಡ್ ಟು. ಆದ್ದರಿಂದ ‘ಅಭ್ಯಾಸ’ ಅನ್ನುವ ಅರ್ಥವನ್ನು ಇವತ್ತಿಗೆ ಬದಿಗಿಡಿ. ನಾವು ಕನ್ನಡದಲ್ಲಿ ನಿಜಕ್ಕೂ ಏನು ಹೇಳುತ್ತಿದ್ದೇವೆ ಅನ್ನುವಲ್ಲಿಂದ ಶುರು ಮಾಡೋಣ.

ಮೊದಲ ಹೆಜ್ಜೆ: ಕನ್ನಡ ಕ್ರಿಯಾಪದವನ್ನು ನಿಲ್ಲಿಸಿ ಕೇಳಿ

‘ಹೋಗುತ್ತಿದ್ದೆ’ ಅನ್ನುವ ಒಂದು ಪದವನ್ನೇ ತೆಗೆದುಕೊಳ್ಳಿ. ಈ ಒಂದು ರೂಪ ಕನ್ನಡದಲ್ಲಿ ಮೂರು ಕೆಲಸ ಮಾಡುತ್ತದೆ.

“ನೀನು ಫೋನ್ ಮಾಡಿದಾಗ ಮಾರ್ಕೆಟ್ಟಿಗೆ ಹೋಗುತ್ತಿದ್ದೆ.” ಇಲ್ಲಿ ಒಂದು ಸಲದ ಮಾತು. ಆ ಹೊತ್ತಿಗೆ ನಾನು ದಾರಿಯಲ್ಲಿದ್ದೆ. ಇಂಗ್ಲಿಷಿನಲ್ಲಿ “ಐ ವಾಸ್ ಗೋಯಿಂಗ್”.

“ಚಿಕ್ಕವನಿದ್ದಾಗ ಪ್ರತಿ ಸೋಮವಾರ ಸಂತೆಗೆ ಹೋಗುತ್ತಿದ್ದೆ.” ಇಲ್ಲಿ ಮತ್ತೆ ಮತ್ತೆ ಆದದ್ದು, ಈಗ ಮುಗಿದದ್ದು. “ಐ ಯೂಸ್ಡ್ ಟು ಗೋ” ಅನ್ನಬಹುದು, “ಐ ವುಡ್ ಗೋ” ಅಂತಲೂ ಅನ್ನಬಹುದು.

“ಕರೆದಿದ್ದರೆ ಹೋಗುತ್ತಿದ್ದೆ.” ಇಲ್ಲಿ ಹೋಗಲೇ ಇಲ್ಲ. ಕರೆಯಲಿಲ್ಲ, ಅದಕ್ಕೆ ಹೋಗಲಿಲ್ಲ. ಇದಕ್ಕೆ “ಐ ವುಡ್ ಹ್ಯಾವ್ ಗಾನ್”.

ನಮಗೆ ಅಕ್ಕಪಕ್ಕದ ಪದಗಳಿಂದ ಅರ್ಥ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಮೂರೂ ಬೇರೆ ಅಂತ ಅನಿಸುವುದೇ ಇಲ್ಲ. ಇಂಗ್ಲಿಷಿಗೆ ದಾಟುವಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತೇವೆ. “ವೆನ್ ಯು ಕಾಲ್ಡ್, ಐ ಯೂಸ್ಡ್ ಟು ಗೋ ಟು ದ ಮಾರ್ಕೆಟ್” ಅಂತ ನನ್ನ ಕ್ಲಾಸಿನಲ್ಲಿ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಬರೆಯುತ್ತಾರೆ. ಕೇಳಿದವರಿಗೆ ‘ನೀನು ಫೋನ್ ಮಾಡಿದಾಗಲೆಲ್ಲ ನಾನು ಎದ್ದು ಮಾರ್ಕೆಟ್ಟಿಗೆ ಹೋಗುತ್ತಿದ್ದೆ’ ಅಂತ ಅರ್ಥವಾಗುತ್ತದೆ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ನಿಮ್ಮ ಕನ್ನಡ ವಾಕ್ಯಕ್ಕೆ “ಆಗೆಲ್ಲ” ಸೇರಿಸಿ ನೋಡಿ. “ಆಗೆಲ್ಲ ಸಂತೆಗೆ ಹೋಗುತ್ತಿದ್ದೆ” ಸರಿ ಕೇಳಿಸುತ್ತದೆ. ಅಂದರೆ ಇದು ಹಳೆಯ ರೂಢಿ. ಯೂಸ್ಡ್ ಟು ಅಥವಾ ವುಡ್‌ಗೆ ಜಾಗ ಇದೆ. “ನೀನು ನಿನ್ನೆ ಫೋನ್ ಮಾಡಿದಾಗ ಆಗೆಲ್ಲ ಹೋಗುತ್ತಿದ್ದೆ” ಅಂದರೆ ಕನ್ನಡವೇ ಮುರಿಯುತ್ತದೆ. ಅಲ್ಲಿ ಎರಡೂ ಸಲ್ಲದು.

ಮುಂದಿನದನ್ನು ಓದುವಾಗ ಈ ಮಾದರಿಗಳು ಕಣ್ಣ ಮುಂದೆ ಇರಲಿ. ಬರೆಯುವಾಗ ಕಾಗುಣಿತವೂ ಇದೇ.

```
used to + go
did not use to + go
would + go
am / is / are / was / were + used to + going
get + used to + going
```

ಎರಡನೆಯ ಹೆಜ್ಜೆ: ಮೊದಲು ಇತ್ತು, ಈಗ ಇಲ್ಲ

ಬರೀ ಯೂಸ್ಡ್ ಟು ಅಂದರೆ ಹಿಂದಿನ ಕಾಲ ಅಷ್ಟೇ. ಇದಕ್ಕೆ ವರ್ತಮಾನದ ರೂಪ ಇಲ್ಲ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಐ ಯೂಸ್ ಟು ಗೋ’ ಅಂತ ವರ್ತಮಾನದಲ್ಲೂ ಬಳಸುತ್ತಿದ್ದರು. ಅದು ಭಾಷೆಯಿಂದ ಬಿದ್ದುಹೋಗಿ ಬಹಳ ಕಾಲವಾಯಿತು. ಈಗ ದಿನನಿತ್ಯ ಮಾಡುವುದಕ್ಕೆ ಸಾದಾ ವರ್ತಮಾನವೇ ಸಾಕು. ಆ ಹುಡುಗಿ ಹೇಳಬೇಕಿದ್ದದ್ದು “ಐ ಡೂ ದ ಬಿಲ್ಲಿಂಗ್ ಇನ್ ಟ್ಯಾಲಿ ಎವ್ರಿ ಡೇ” ಅಂತ. ಅಷ್ಟೇ. ಅಭ್ಯಾಸವನ್ನು ತೋರಿಸುವ ಕೆಲಸವನ್ನು ‘ಎವ್ರಿ ಡೇ’ ಮಾಡುತ್ತದೆ. ಬೇಕಿದ್ದರೆ ‘ಯೂಶುವಲಿ’ ಸೇರಿಸಿ: “ಐ ಯೂಶುವಲಿ ಗೆಟ್ ಅಪ್ ಅಟ್ ಸಿಕ್ಸ್.”

ನಮ್ಮಲ್ಲಿ ಆಗುವ ತಪ್ಪುಗಳಲ್ಲಿ ಇದೇ ಜಾಸ್ತಿ. “ಡೈಲಿ ಐ ಯೂಸ್ಡ್ ಟು ಡ್ರಿಂಕ್ ಕಾಫಿ” ಅಂತ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತೇವೆ. ಕೇಳಿದವರಿಗೆ ಕಾಫಿ ಬಿಟ್ಟಿದ್ದೀರಿ ಅಂತ ಅರ್ಥ. ನಮ್ಮ ನಡುವೆ ಎಲ್ಲರೂ ಹೀಗೇ ಮಾತಾಡುವುದರಿಂದ ಯಾರೂ ತಿದ್ದುವುದಿಲ್ಲ. ಹೊರಗಿನವರ ಜೊತೆ ಮಾತಿಗೆ ಕೂತಾಗಲೇ ಎಡವಟ್ಟಾಗುವುದು. ವೀಸಾ ಕೌಂಟರಿನಲ್ಲಿ “ಐ ಯೂಸ್ಡ್ ಟು ವರ್ಕ್ ಇನ್ ಎ ಬ್ಯಾಂಕ್” ಅಂದರೆ ಈಗ ಆ ಕೆಲಸದಲ್ಲಿ ಇಲ್ಲ ಅಂತ ಬರೆದುಕೊಳ್ಳುತ್ತಾರೆ. ಡಾಕ್ಟರ ಮುಂದೆ “ಐ ಯೂಸ್ಡ್ ಟು ಟೇಕ್ ದಿಸ್ ಟ್ಯಾಬ್ಲೆಟ್” ಅಂದರೆ ಮಾತ್ರೆ ನಿಲ್ಲಿಸಿದ್ದೀರಿ ಅಂದುಕೊಳ್ಳುತ್ತಾರೆ. ಅಲ್ಲಿ “ಐ ಟೇಕ್ ದಿಸ್ ಟ್ಯಾಬ್ಲೆಟ್” ಅಂತಲೇ ಹೇಳಬೇಕು.

ಯೂಸ್ಡ್ ಟು ಎರಡು ಬಗೆಯ ಮಾತಿಗೆ ಸಲ್ಲುತ್ತದೆ. ಒಂದು, ಮತ್ತೆ ಮತ್ತೆ ಮಾಡುತ್ತಿದ್ದ ಕೆಲಸ: “ಅಪ್ಪ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತಿದ್ದರು” ಅನ್ನಲು “ಮೈ ಫಾದರ್ ಯೂಸ್ಡ್ ಟು ಸೈಕಲ್ ಟು ದ ಆಫೀಸ್”. ಇನ್ನೊಂದು, ಇದ್ದ ಸ್ಥಿತಿ: “ಇಲ್ಲಿ ಕೆರೆ ಇತ್ತು” ಅನ್ನಲು “ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್”. ಬೆಂಗಳೂರಿನವರಿಗೆ ಈ ಎರಡನೆಯ ವಾಕ್ಯ ತುಂಬಾ ಬೇಕಾಗುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಸ್ಟೇಡಿಯಂ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಊರು ತೋರಿಸುವಾಗ ನೆಂಟರಿಗೆ “ದೇರ್ ವಾಸ್ ಎ ಲೇಕ್ ಹಿಯರ್” ಅಂದರೂ ತಪ್ಪಲ್ಲ. ಆದರೆ “ಯೂಸ್ಡ್ ಟು ಬಿ” ಅಂದಾಗ ‘ಇತ್ತು, ಈಗ ಇಲ್ಲ’ ಅನ್ನುವ ನೋವೂ ಜೊತೆಗೆ ಬರುತ್ತದೆ. ಕನ್ನಡದಲ್ಲಿ “ಇಲ್ಲಿ ಕೆರೆ ಇತ್ತಲ್ಲ!” ಅನ್ನುವಾಗ ದನಿಯಲ್ಲಿ ಬರುವುದೇ ಅದು.

ಈಗ ಮಿತಿ. ಎಷ್ಟು ಸಲ, ಎಷ್ಟು ಕಾಲ ಅಂತ ಎಣಿಸಿ ಹೇಳಿದರೆ ಯೂಸ್ಡ್ ಟು ಕೂರುವುದಿಲ್ಲ. “ನಾನು ಧಾರವಾಡದಲ್ಲಿ ಐದು ವರ್ಷ ಇದ್ದೆ” ಅನ್ನಲು “ಐ ಯೂಸ್ಡ್ ಟು ಲಿವ್ ಇನ್ ಧಾರವಾಡ ಫಾರ್ ಫೈವ್ ಇಯರ್ಸ್” ಅನ್ನಬಾರದು. “ಐ ಲಿವ್ಡ್ ಇನ್ ಧಾರವಾಡ ಫಾರ್ ಫೈವ್ ಇಯರ್ಸ್” ಅನ್ನಬೇಕು. “ಮೂರು ಸಲ ಹಂಪಿಗೆ ಹೋಗಿದ್ದೆ” ಅನ್ನುವುದಕ್ಕೂ ಸಾದಾ ಭೂತಕಾಲ: “ಐ ವೆಂಟ್ ಟು ಹಂಪಿ ತ್ರೀ ಟೈಮ್ಸ್.” ಕಾರಣ ಸರಳ. ಯೂಸ್ಡ್ ಟು ಒಂದು ಕಾಲವನ್ನು ದೂರದಿಂದ ಒಟ್ಟಾಗಿ ತೋರಿಸುತ್ತದೆ. ಲೆಕ್ಕ ಹಾಕಿದ ತಕ್ಷಣ ಅದು ಮುಗಿದ ಒಂದು ಘಟನೆ ಆಗಿಬಿಡುತ್ತದೆ. ಆದರೆ “ವಾರಕ್ಕೆ ಮೂರು ಸಲ ಹೋಗುತ್ತಿದ್ದೆ” ಸರಿ. ಅಲ್ಲಿ ಎಣಿಸಿರುವುದು ವಾರದ ರೂಢಿಯನ್ನು. ಒಟ್ಟು ಎಷ್ಟು ಸಲ ಹೋದೆ ಅನ್ನುವುದನ್ನು ಅಲ್ಲ.

ಪ್ರಶ್ನೆ, ‘ಇಲ್ಲ’ ಅನ್ನುವ ವಾಕ್ಯಗಳಲ್ಲಿ ಕೊನೆಯ ‘ಡಿ’ ಅಕ್ಷರ ಬಿದ್ದುಹೋಗುತ್ತದೆ. “ಡಿಡ್ ಯು ಯೂಸ್ ಟು ಪ್ಲೇ ಕಬಡ್ಡಿ?” “ಐ ಡಿಡ್ ನಾಟ್ ಯೂಸ್ ಟು ಲೈಕ್ ಹಾಗಲಕಾಯಿ.” ‘ಡಿಡ್’ನಲ್ಲಿ ಭೂತಕಾಲ ಆಗಲೇ ಬಂದುಬಿಟ್ಟಿದೆ. ‘ಡಿಡ್ ಯು ವೆಂಟ್’ ಅನ್ನುವುದಿಲ್ಲ, ‘ಡಿಡ್ ಯು ಗೋ’ ಅನ್ನುತ್ತೇವಲ್ಲ, ಹಾಗೆಯೇ. ಮಾತಾಡುವಾಗ ಈ ವ್ಯತ್ಯಾಸ ಕಿವಿಗೆ ಬೀಳುವುದೇ ಇಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಬರೆಯುವಾಗ, ಅದರಲ್ಲೂ ಪರೀಕ್ಷೆಯಲ್ಲಿ, ‘ಡಿ’ ಬಿಡಿ. ತಲೆಬಿಸಿ ಬೇಡ ಅಂದರೆ ‘ನೆವರ್’ ಬಳಸಿ: “ಐ ನೆವರ್ ಯೂಸ್ಡ್ ಟು ಲೈಕ್ ಇಟ್.” ಇಲ್ಲಿ ‘ಡಿ’ ಇದ್ದೇ ಇರುತ್ತದೆ. ಕೇಳಲೂ ಸಹಜ.

ಮೂರನೆಯ ಹೆಜ್ಜೆ: ವುಡ್ ಬೇಕಾದರೆ ಮೊದಲು ಅಂಗಳ ಹಾಸಿ

ಹಳೆಯ ನೆನಪು ಹೇಳುವಾಗ ಇಂಗ್ಲಿಷಿನವರು ವುಡ್ ಅನ್ನು ಧಾರಾಳವಾಗಿ ಬಳಸುತ್ತಾರೆ. ನಾವು ಅದನ್ನು ‘ಮಾಡಿದರೆ ಆಗುತ್ತಿತ್ತು’ ಅನ್ನುವುದಕ್ಕೆ ಮಾತ್ರ ಅಂದುಕೊಂಡಿರುತ್ತೇವೆ. ಹಾಗಾಗಿ ನೆನಪಿನ ಬರಹದಲ್ಲಿ ಹತ್ತೂ ವಾಕ್ಯಕ್ಕೂ ಯೂಸ್ಡ್ ಟು, ಯೂಸ್ಡ್ ಟು ಅಂತ ಬರೆದು ಓದುವವರನ್ನು ದಣಿಸುತ್ತೇವೆ.

ವುಡ್‌ಗೆ ಎರಡು ಷರತ್ತು ಇವೆ.

ಮೊದಲನೆಯದು, ಯಾವ ಕಾಲದ ಮಾತು ಅಂತ ಕೇಳುವವರಿಗೆ ಮೊದಲೇ ಗೊತ್ತಿರಬೇಕು. ಸುಮ್ನೆ “ಐ ವುಡ್ ಗೋ ಟು ಮೈ ಗ್ರ್ಯಾಂಡ್‌ಮದರ್ಸ್ ಹೌಸ್” ಅಂತ ಶುರು ಮಾಡಿದರೆ, ಕೇಳಿದವರು ‘ಏನಾಗಿದ್ದರೆ?’ ಅಂತ ಕಾಯುತ್ತಾರೆ. ನಮ್ಮ “ಹೋಗುತ್ತಿದ್ದೆ” ಕೂಡ ಹಾಗೇ ಅಲ್ವಾ? ಯಾರೋ ಬಂದು ಹಿಂದೆ ಮುಂದೆ ಏನೂ ಹೇಳದೆ “ನಾನು ಅಜ್ಜಿ ಮನೆಗೆ ಹೋಗುತ್ತಿದ್ದೆ” ಅಂದರೆ “ಯಾವಾಗ? ಏನಾಯ್ತು?” ಅಂತ ಕೇಳುತ್ತೇವೆ. “ಬೇಸಿಗೆ ರಜೆ ಬಂತೆಂದರೆ ಅಜ್ಜಿ ಮನೆಗೆ ಹೋಗುತ್ತಿದ್ದೆ” ಅಂದಾಗ ಎಲ್ಲ ಸರಿಯಾಗುತ್ತದೆ. ಇಂಗ್ಲಿಷಿನಲ್ಲೂ “ಎವ್ರಿ ಸಮ್ಮರ್” ಅಂತ ಮೊದಲು ಹೇಳಿ. ಇಲ್ಲವೇ ಮೊದಲ ವಾಕ್ಯವನ್ನು ಯೂಸ್ಡ್ ಟು ಹಾಕಿ ಕಟ್ಟಿ, ಎರಡನೆಯದರಿಂದ ವುಡ್‌ಗೆ ಇಳಿಯಿರಿ. ಆ ಮೊದಲ ವಾಕ್ಯವೇ ಅಂಗಳ. ಆಮೇಲಿನದೆಲ್ಲ ಅದರ ಮೇಲೆ ನಡೆಯುತ್ತದೆ.

ಎರಡನೆಯದು, ವುಡ್ ಕೆಲಸಕ್ಕೆ ಮಾತ್ರ, ಸ್ಥಿತಿಗೆ ಅಲ್ಲ. ಇದನ್ನು ನೋಡಲು ಕನ್ನಡದ್ದೇ ಒಂದು ಗುರುತು ಇದೆ. ನಿಮ್ಮ ವಾಕ್ಯ ಬರೀ ‘ಇತ್ತು, ಇದ್ದೆ, ಇದ್ದರು’ ಅಂತ ಮುಗಿದರೆ ಅಲ್ಲಿ ವುಡ್ ಬರುವುದಿಲ್ಲ. “ನಮ್ಮ ಹತ್ತಿರ ಒಂದು ಹಸು ಇತ್ತು” ಅನ್ನಲು “ವಿ ವುಡ್ ಹ್ಯಾವ್ ಎ ಕೌ” ಅಂದರೆ ಅದು ಹಸು ಇರುತ್ತಿತ್ತೇನೋ ಅನ್ನುವ ಕಲ್ಪನೆಯ ಮಾತಾಗುತ್ತದೆ. “ವಿ ಯೂಸ್ಡ್ ಟು ಹ್ಯಾವ್ ಎ ಕೌ” ಅನ್ನಬೇಕು. ಆದರೆ “ಅಮ್ಮ ಬೆಳಿಗ್ಗೆ ಹಾಲು ಕರೆಯುತ್ತಿದ್ದರು” ಅಂದಾಗ ಕೈಯಲ್ಲಿ ಮಾಡುವ ಕೆಲಸ ಇದೆ. “ಎವ್ರಿ ಮಾರ್ನಿಂಗ್, ಅಮ್ಮ ವುಡ್ ಮಿಲ್ಕ್ ಹರ್” ಸೊಗಸಾಗಿ ಕೂರುತ್ತದೆ.

ಈ ಗುರುತು ಕೈಕೊಡುವ ಕಡೆಯೂ ಇದೆ. ‘ಗೊತ್ತಿತ್ತು, ಬೇಕಿತ್ತು, ಇಷ್ಟ ಇತ್ತು’ ಎಲ್ಲ ‘ಇತ್ತು’ ಅಂತಲೇ ಮುಗಿಯುತ್ತವೆ, ಆದ್ದರಿಂದ ತೊಂದರೆ ಇಲ್ಲ. ಆದರೆ ‘ಪ್ರೀತಿಸುತ್ತಿದ್ದೆ, ನಂಬುತ್ತಿದ್ದೆ, ವಾಸಿಸುತ್ತಿದ್ದೆ’ ಅನ್ನುವಾಗ ರೂಪ ಕೆಲಸದ ಹಾಗೆ ಕಂಡರೂ ಒಳಗೆ ಇರುವುದು ಸ್ಥಿತಿ. ಇವುಗಳಿಗೂ ಯೂಸ್ಡ್ ಟು ಮಾತ್ರ: “ವಿ ಯೂಸ್ಡ್ ಟು ಲಿವ್ ಇನ್ ಕಾರವಾರ.” ಅನುಮಾನ ಬಂದರೆ ‘ಇದನ್ನು ಒಂದು ಬೆಳಿಗ್ಗೆ ಎದ್ದು ಮಾಡಿ ಮುಗಿಸಬಹುದೇ?’ ಅಂತ ಕೇಳಿಕೊಳ್ಳಿ. ಹಾಲು ಕರೆದು ಮುಗಿಸಬಹುದು. ಕಾರವಾರದಲ್ಲಿ ವಾಸಿಸಿ ಮುಗಿಸಲು ಆಗುವುದಿಲ್ಲ. ಮುಗಿಸಲಾಗದ್ದಕ್ಕೆ ವುಡ್ ಬೇಡ.

ವುಡ್‌ನ ‘ಇಲ್ಲ’ ರೂಪದಲ್ಲಿ ಒಂದು ಹೊಂಡ ಇದೆ. “ಅವನು ಚಿಕ್ಕವನಿದ್ದಾಗ ತರಕಾರಿ ತಿನ್ನುತ್ತಿರಲಿಲ್ಲ” ಅನ್ನಲು “ಹಿ ವುಡ್ ನಾಟ್ ಈಟ್ ವೆಜಿಟಬಲ್ಸ್” ಅಂದರೆ ಅರ್ಥ ‘ತಿನ್ನಲೊಲ್ಲ’ ಅಂತ ಆಗುತ್ತದೆ. ಎಷ್ಟು ಹೇಳಿದರೂ ಒಲ್ಲೆ ಅನ್ನುತ್ತಿದ್ದ ಅಂತ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸುವುದೇ ಬೇಡ. ‘ಒಲ್ಲೆ’ ಅವರ ಬಾಯಲ್ಲಿ ದಿನಾ ಇದೆ. ವುಡ್ ಅನ್ನುವುದು ‘ವಿಲ್’ನ ಭೂತರೂಪ. ಆ ‘ವಿಲ್’ಗೆ ಮೂಲದಲ್ಲಿ ಇದ್ದದ್ದು ‘ಬಯಸು, ಮನಸ್ಸು ಮಾಡು’ ಅನ್ನುವ ಅರ್ಥವೇ. ‘ಇಲ್ಲ’ ಸೇರಿದಾಗ ಆ ಹಳೆಯ ಅರ್ಥ ಎದ್ದು ನಿಲ್ಲುತ್ತದೆ. ಹಠ ತೋರಿಸಬೇಕಾದರೆ “ವುಡ್ ನಾಟ್” ಸರಿಯಾದ ಆಯ್ಕೆ. ಬರೀ ರೂಢಿ ಇರಲಿಲ್ಲ ಅನ್ನಬೇಕಾದರೆ “ಡಿಡ್ ನಾಟ್ ಯೂಸ್ ಟು ಈಟ್” ಅನ್ನಿ.

ನಾಲ್ಕನೆಯ ಹೆಜ್ಜೆ: ಒಗ್ಗಿಕೊಂಡಿದ್ದೇನೆ

ಬಿ ಯೂಸ್ಡ್ ಟು ಅನ್ನುವುದಕ್ಕೆ ಕನ್ನಡದಲ್ಲಿ ‘ಅಭ್ಯಾಸ’ಕ್ಕಿಂತ ಸರಿಯಾದ ಪದ ‘ಒಗ್ಗು’. ಮೊದಲು ಹೊಸದಾಗಿತ್ತು, ಕಷ್ಟ ಅನಿಸುತ್ತಿತ್ತು, ಈಗ ಏನೂ ಅನಿಸುವುದಿಲ್ಲ. ಇದರಲ್ಲಿ ಎಷ್ಟು ಸಲ ಮಾಡಿದೆ ಅನ್ನುವ ಮಾತೇ ಇಲ್ಲ. ಇರುವುದು ಪರಿಚಯ, ಸಲಿಗೆ.

ಈ ಪದ ಹಿಡಿದುಕೊಂಡರೆ ಎಲ್ಲರನ್ನೂ ಕಾಡುವ ‘ಇಂಗ್’ ಸಮಸ್ಯೆ ತಾನಾಗಿ ಬಿಡಿಸಿಕೊಳ್ಳುತ್ತದೆ. ‘ಒಗ್ಗಿಕೊಂಡಿದ್ದೇನೆ’ ಅಂದ ತಕ್ಷಣ ‘ಯಾವುದಕ್ಕೆ?’ ಅನ್ನುವ ಪ್ರಶ್ನೆ ಬರುತ್ತದೆ. ಸದ್ದಿಗೆ. ಚಳಿಗೆ. ಬೇಗ ಏಳುವುದಕ್ಕೆ. ಬಿ ಯೂಸ್ಡ್ ಟು ಒಳಗಿನ ‘ಟು’ ಅಂದರೆ ಈ ‘ಗೆ’, ಈ ‘ಕ್ಕೆ’. ನಾಮಪದದ ಜೊತೆ ಬರುವ ವಿಭಕ್ತಿ. ಹಾಗಾಗಿ ಅದರ ಮುಂದೆ ನಾಮಪದವೇ ಬರಬೇಕು. “ಐ ಆಮ್ ಯೂಸ್ಡ್ ಟು ದ ನಾಯ್ಸ್.” “ಐ ಆಮ್ ಯೂಸ್ಡ್ ಟು ದ ಕೋಲ್ಡ್.” ಕೆಲಸವನ್ನು ಹೇಳಬೇಕಾದರೆ? ಕನ್ನಡದಲ್ಲಿ ‘ಏಳು’ ಅನ್ನುವುದನ್ನು ‘ಏಳುವುದು’ ಮಾಡಿ ಆಮೇಲೆ ‘ಕ್ಕೆ’ ಹಚ್ಚುತ್ತೇವೆ. ‘ಏಳುಗೆ ಒಗ್ಗಿದ್ದೇನೆ’ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ‘ಏಳುವುದು’ ಅಂದರೆ ‘ಗೆಟಿಂಗ್ ಅಪ್’. ಆದ್ದರಿಂದ “ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ.” “ಐ ಆಮ್ ಯೂಸ್ಡ್ ಟು ಗೆಟ್ ಅಪ್” ಅಂದರೆ ‘ಏಳುಗೆ ಒಗ್ಗಿದ್ದೇನೆ’ ಅಂದಷ್ಟೇ ವಿಚಿತ್ರ.

ಇನ್ನೂ ಅನುಮಾನ ಇದ್ದರೆ ‘ಟು’ ಮುಂದೆ ‘ಇಟ್’ ಇಟ್ಟು ನೋಡಿ. “ಐ ಆಮ್ ಯೂಸ್ಡ್ ಟು ಇಟ್” ಪೂರ್ತಿ ವಾಕ್ಯ: ನನಗೆ ಅದು ಒಗ್ಗಿದೆ. “ಐ ಯೂಸ್ಡ್ ಟು ಇಟ್” ಅನ್ನುವುದು ಅರ್ಧಕ್ಕೆ ನಿಂತ ಮಾತು. ‘ಇಟ್’ ಕೂರುವ ಕಡೆ ‘ಇಂಗ್’ ಬೇಕು. ಕೂರದ ಕಡೆ ಬೇಡ.

ಇದಕ್ಕೆ ಯಾವ ಕಾಲವಾದರೂ ಸರಿ, ಬದಲಾಗುವುದು ‘ಬಿ’ ಮಾತ್ರ. ಭಾರತದಲ್ಲಿ ಗಾಡಿ ಓಡಿಸುವುದು ರಸ್ತೆಯ ಎಡಗಡೆ, ಅಮೆರಿಕದಲ್ಲಿ ಬಲಗಡೆ. ಇಲ್ಲಿಂದ ಅಲ್ಲಿಗೆ ಹೋದವರು ಮೊದಲ ವಾರದ ಕಥೆ ಹೇಳುವಾಗ “ಐ ವಾಸ್ ಯೂಸ್ಡ್ ಟು ಡ್ರೈವಿಂಗ್ ಆನ್ ದ ಲೆಫ್ಟ್” ಅನ್ನಬೇಕಾಗುತ್ತದೆ. ಎಡಗಡೆ ಓಡಿಸುವುದಕ್ಕೆ ಒಗ್ಗಿಹೋಗಿದ್ದೆ, ಅದಕ್ಕೇ ತಿರುವಿನಲ್ಲಿ ತಬ್ಬಿಬ್ಬಾದೆ ಅಂತ. ಅದನ್ನೇ “ಐ ಯೂಸ್ಡ್ ಟು ಡ್ರೈವ್ ಆನ್ ದ ಲೆಫ್ಟ್” ಅಂದರೆ ‘ಮೊದಲು ಎಡಗಡೆ ಓಡಿಸುತ್ತಿದ್ದೆ’ ಅಂತ ಅಷ್ಟೇ. ಎರಡೂ ನಿಜ, ಎರಡೂ ಸರಿಯಾದ ಇಂಗ್ಲಿಷ್. ಆದರೆ ತಬ್ಬಿಬ್ಬಾದದ್ದು ಯಾಕೆ ಅನ್ನುವುದನ್ನು ಹೇಳುವುದು ಮೊದಲನೆಯ ವಾಕ್ಯ ಮಾತ್ರ.

ಒಗ್ಗುವುದು ಇನ್ನೂ ನಡೆಯುತ್ತಿದ್ದರೆ ‘ಬಿ’ ಜಾಗಕ್ಕೆ ‘ಗೆಟ್’ ಬರುತ್ತದೆ. ‘ಒಗ್ಗಿಕೊಂಡಿದ್ದೇನೆ’ ಅಂದರೆ “ಐ ಆಮ್ ಯೂಸ್ಡ್ ಟು”. ‘ಒಗ್ಗಿಕೊಳ್ಳುತ್ತಿದ್ದೇನೆ’ ಅಂದರೆ “ಐ ಆಮ್ ಗೆಟಿಂಗ್ ಯೂಸ್ಡ್ ಟು”. ‘ಒಗ್ಗುತ್ತದೆ ಬಿಡು’ ಅಂತ ಹಾಸ್ಟೆಲಿಗೆ ಸೇರಿದ ಮಗುವಿಗೆ ಸಮಾಧಾನ ಹೇಳಲು “ಯು ವಿಲ್ ಗೆಟ್ ಯೂಸ್ಡ್ ಟು ಇಟ್”. ಹೊಸ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ “ಐ ಆಮ್ ಸ್ಟಿಲ್ ಗೆಟಿಂಗ್ ಯೂಸ್ಡ್ ಟು ದ ನ್ಯೂ ಸಿಸ್ಟಮ್” ಅಂದರೆ ಚೆನ್ನಾಗಿರುತ್ತದೆ.

ಕಿವಿಗೆ ಬೀಳುವ ಮೂರನೆಯ ಯೂಸ್ಡ್ ಟು

ಇದರ ಜೊತೆಗೆ ಇನ್ನೊಂದು ಸೇರಿಕೊಂಡು ಗೊಂದಲ ಮಾಡುತ್ತದೆ. “ದಿಸ್ ನೈಫ್ ಈಸ್ ಯೂಸ್ಡ್ ಟು ಕಟ್ ಅಡಿಕೆ.” ಈ ಚಾಕುವನ್ನು ಅಡಿಕೆ ಕತ್ತರಿಸಲು ಬಳಸುತ್ತಾರೆ. ಇಲ್ಲಿ ‘ಈಸ್ ಯೂಸ್ಡ್ ಟು’ ಇದೆ, ಮುಂದೆ ‘ಇಂಗ್’ ಇಲ್ಲ. ಇದು ‘ಬಳಸು’ ಅನ್ನುವ ಕ್ರಿಯಾಪದದ ಕರ್ಮಣಿ ರೂಪ. ಒಗ್ಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಚಾಕು ಯಾವುದಕ್ಕೂ ಒಗ್ಗುವುದಿಲ್ಲವಲ್ಲ. ಸಾಮಾನ್ಯವಾಗಿ ವಸ್ತುವಿನ ಮಾತಾದರೆ ಬಳಕೆ, ಮನುಷ್ಯರ ಮಾತಾದರೆ ಒಗ್ಗುವುದು ಅಂತ ನೋಡಿಕೊಂಡರೆ ಸಾಕು.

ಬರಹದಲ್ಲಿ ಎರಡೂ ಒಂದೇ ಕಾಗುಣಿತ. ಉಚ್ಚಾರದಲ್ಲಿ ಬೇರೆ. ‘ಬಳಸಿದ’ ಅನ್ನುವ ಅರ್ಥ ಇದ್ದಾಗ ನಡುವಿನ ಸದ್ದು ‘ಝೀಬ್ರಾ’ದ ಮೊದಲ ಸದ್ದಿನ ಹಾಗೆ ಗುಂಯ್ಗುಡುತ್ತದೆ, ಕೊನೆಗೆ ‘ಡ್’ ಕೇಳಿಸುತ್ತದೆ. ರೂಢಿಯ ಅರ್ಥದಲ್ಲೂ ಒಗ್ಗುವ ಅರ್ಥದಲ್ಲೂ ಅದು ‘ಸಕ್ಕರೆ’ಯ ಸಕಾರ. ‘ಡ್’ ಮುಂದಿನ ‘ಟು’ ಜೊತೆ ಕರಗಿ ‘ಯೂಸ್ಟು’ ಅಂತ ಒಂದೇ ಪದದ ಹಾಗೆ ಬರುತ್ತದೆ. ಮಾತಿನಲ್ಲಿ “ಡಿಡ್ ಯು ಯೂಸ್ ಟು” ಅಂದರೂ “ಯೂಸ್ಡ್ ಟು” ಅಂದರೂ ಒಂದೇ ಕೇಳಿಸುವುದು ಇದಕ್ಕೇ. ನಮ್ಮ ಬರಹದಲ್ಲಿ ಆ ಗುಂಯ್ಗುಡುವ ಸದ್ದಿಗೆ ಬೇರೆ ಅಕ್ಷರ ಇಲ್ಲದ್ದರಿಂದ ಎರಡನ್ನೂ ‘ಯೂಸ್ಡ್’ ಅಂತಲೇ ಬರೆದು ಓದಿಬಿಡುತ್ತೇವೆ. ಮಾತಾಡುವಾಗ ‘ಯೂಸ್ಟು’ ಅಂತ ಕೂಡಿಸಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ನೆನಪನ್ನು ದಾಟಿಸಿ ನೋಡೋಣ

ನಾನು ಕ್ಲಾಸಿನಲ್ಲಿ ಕೊಡುವ ಒಂದು ಸಣ್ಣ ಕನ್ನಡ ತುಣುಕು ಇದು:

“ಆಗ ನಾವು ಶಿರಸಿ ಹತ್ತಿರದ ಹಳ್ಳಿಯಲ್ಲಿ ಇದ್ದೆವು. ಮನೆ ಹಿಂದೆ ದೊಡ್ಡ ಹಲಸಿನ ಮರ ಇತ್ತು. ಮಳೆಗಾಲದಲ್ಲಿ ಅಜ್ಜಿ ಬೆಳಗಾಗುವ ಮೊದಲೇ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರು. ನಾವು ಒಲೆ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತಿದ್ದೆವು. ತಮ್ಮ ಮಾತ್ರ ಹಾಸಿಗೆ ಬಿಟ್ಟು ಏಳಲೊಲ್ಲ. ಕರೆಂಟು ಹೋದರೆ ನಮಗೆ ಏನೂ ಅನಿಸುತ್ತಿರಲಿಲ್ಲ, ಕತ್ತಲೆಗೆ ಒಗ್ಗಿಹೋಗಿದ್ದೆವು. ಒಂದು ವರ್ಷ ಆ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಈಗ ಬೆಂಗಳೂರಿನಲ್ಲಿದ್ದೇನೆ. ಇಲ್ಲಿನ ಗಾಡಿಗಳ ಸದ್ದಿಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದೇನೆ.”

ಮೊದಲ ವಾಕ್ಯ ‘ಇದ್ದೆವು’ ಅಂತ ಮುಗಿದಿದೆ. ಸ್ಥಿತಿ, ಹಾಗಾಗಿ ವುಡ್ ಇಲ್ಲ: “ವಿ ಯೂಸ್ಡ್ ಟು ಲಿವ್ ಇನ್ ಎ ವಿಲೇಜ್ ನಿಯರ್ ಶಿರಸಿ.” ಇದರಿಂದಲೇ ಕಾಲವೂ ಗೊತ್ತಾಯಿತು, ಅಂಗಳ ಹಾಸಿದ ಹಾಗಾಯಿತು. ಎರಡನೆಯದೂ ‘ಇತ್ತು’: “ದೇರ್ ಯೂಸ್ಡ್ ಟು ಬಿ ಎ ಬಿಗ್ ಜಾಕ್‌ಫ್ರೂಟ್ ಟ್ರೀ ಬಿಹೈಂಡ್ ದ ಹೌಸ್.”

ಅಜ್ಜಿ ಬೆಂಕಿ ಹಾಕುವುದು ಕೈಯಲ್ಲಿ ಮಾಡಿ ಮುಗಿಸುವ ಕೆಲಸ. ‘ಮಳೆಗಾಲದಲ್ಲಿ’ ಅಂತ ಕಾಲವೂ ಇದೆ. ಇಲ್ಲಿಂದ ವುಡ್: “ಇನ್ ದ ರೇನಿ ಸೀಸನ್, ಅಜ್ಜಿ ವುಡ್ ಲೈಟ್ ದ ಬಾತ್‌ರೂಮ್ ಫೈರ್ ಬಿಫೋರ್ ಡಾನ್.” ಮುಂದಿನದೂ ಅದೇ ಜಾಡು: “ವಿ ವುಡ್ ಸಿಟ್ ಇನ್ ಫ್ರಂಟ್ ಆಫ್ ಇಟ್ ಅಂಡ್ ವಾರ್ಮ್ ಅವರ್‌ಸೆಲ್ವ್ಸ್.” ತಮ್ಮನದು ಹಠ, ‘ಒಲ್ಲ’ ಇದೆ. ಆದ್ದರಿಂದ “ಮೈ ಬ್ರದರ್ ವುಡ್ ನಾಟ್ ಗೆಟ್ ಔಟ್ ಆಫ್ ಬೆಡ್” ಸರಿಯಾಗಿ ಹೊಂದುತ್ತದೆ.

ಕತ್ತಲೆಯ ವಾಕ್ಯದಲ್ಲಿ ‘ಏನೂ ಅನಿಸುತ್ತಿರಲಿಲ್ಲ’ ಅನ್ನುವುದನ್ನು ಸಾದಾ ಭೂತಕಾಲದಲ್ಲೇ ಬಿಡುವುದು ಚೆಂದ: “ಪವರ್ ಕಟ್ಸ್ ಡಿಡ್ ನಾಟ್ ಬಾದರ್ ಅಸ್.” ಎಲ್ಲ ಕಡೆ ಯೂಸ್ಡ್ ಟು, ವುಡ್ ತುರುಕಬೇಕಿಲ್ಲ. ‘ಕತ್ತಲೆಗೆ ಒಗ್ಗಿಹೋಗಿದ್ದೆವು’ ಅಂದಾಗ ‘ಗೆ’ ಬಂತು, ಜೊತೆಗೆ ಹಿಂದಿನ ಕಾಲ: “ವಿ ವರ್ ಯೂಸ್ಡ್ ಟು ದ ಡಾರ್ಕ್.” ಇಲ್ಲಿ ‘ವರ್’ ಬಿಟ್ಟು “ವಿ ಯೂಸ್ಡ್ ಟು ದ ಡಾರ್ಕ್” ಅಂತ ಬರೆಯುವವರು ಬಹಳ ಜನ.

ಮರ ಬಿದ್ದದ್ದು ಒಂದೇ ಸಲ, ಮೂರು ದಿನ ಅಂತ ಲೆಕ್ಕವೂ ಇದೆ. ರೂಢಿಯ ಮಾತೇ ಅಲ್ಲ: “ಒನ್ ಇಯರ್ ದ ಟ್ರೀ ಫೆಲ್, ಅಂಡ್ ವಿ ಹ್ಯಾಡ್ ನೋ ಪವರ್ ಫಾರ್ ತ್ರೀ ಡೇಸ್.” ವುಡ್‌ನ ಓಟದಲ್ಲಿ ಇಲ್ಲೂ “ದ ಟ್ರೀ ವುಡ್ ಫಾಲ್” ಅಂತ ಬರೆದುಬಿಟ್ಟರೆ, ಮರ ಪ್ರತಿ ವರ್ಷ ಬೀಳುತ್ತಿತ್ತು ಅಂತಾಗುತ್ತದೆ.

ಕೊನೆಯ ಎರಡು ಇವತ್ತಿನವು. “ನೌ ಐ ಲಿವ್ ಇನ್ ಬೆಂಗಳೂರು.” ಸದ್ದಿಗೆ ಒಗ್ಗುವುದು ಇನ್ನೂ ಮುಗಿದಿಲ್ಲ: “ಐ ಆಮ್ ಸ್ಟಿಲ್ ಗೆಟಿಂಗ್ ಯೂಸ್ಡ್ ಟು ದ ನಾಯ್ಸ್ ಆಫ್ ದ ಟ್ರಾಫಿಕ್.”

ನಿಮ್ಮ ಮನೆಯದೇ ಒಂದು ನೆನಪನ್ನು ಹೀಗೆ ಏಳೆಂಟು ವಾಕ್ಯ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಮಾಡುವ ಮೊದಲು ಪ್ರತಿ ಕ್ರಿಯಾಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಅದು ‘ಇತ್ತು’ವೋ, ‘ಆಗೆಲ್ಲ ಮಾಡುತ್ತಿದ್ದೆ’ಯೋ, ‘ಒಗ್ಗಿದೆ’ಯೋ, ಒಂದೇ ಸಲ ಆದದ್ದೋ ಅಂತ ಬದಿಯಲ್ಲಿ ಗುರುತು ಹಾಕಿ. ಆಮೇಲೆ ಇಂಗ್ಲಿಷಿಗೆ ಕೈ ಹಾಕಿ. ಆ ಹುಡುಗಿ ಬರೆದು ತಂದ ಮೊದಲ ತುಣುಕು ಅವರ ತಾತನ ಕಿರಾಣಿ ಅಂಗಡಿಯದು. “ಮೈ ತಾತ ಯೂಸ್ಡ್ ಟು ಹ್ಯಾವ್ ಎ ಸ್ಮಾಲ್ ಶಾಪ್. ಎವ್ರಿ ಈವ್ನಿಂಗ್ ಹಿ ವುಡ್ ರೈಟ್ ದ ಅಕೌಂಟ್ಸ್, ಅಂಡ್ ಐ ವುಡ್ ಸಿಟ್ ಬಿಸೈಡ್ ಹಿಮ್ ಅಂಡ್ ಆಡ್ ದ ನಂಬರ್ಸ್” ಅಂತಿತ್ತು. ನಾನು ಅದರಲ್ಲಿ ಏನನ್ನೂ ತಿದ್ದಲಿಲ್ಲ.